ಕೊಳೆಯುವುದು ಮೊದಲು: ತುಂಗಭದ್ರೆಯ ದಂಡೆಯ ಒಂದು ಊರಿನಲ್ಲಿ ನೆರೆಯ ಅವಶೇಷ ಸಾಗಿಸಿದ ಪ್ರಕರಣ

2009ರ ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆ ರಾಯಚೂರು ಜಿಲ್ಲೆಯ ಹಳ್ಳಿಗಳನ್ನು ಎರಡು ರೀತಿಯಲ್ಲಿ ಕೆಡವಿತು. ನದಿ ಏರುವುದಕ್ಕೂ ಮೊದಲೇ, ಬಿಡದೆ ಹಿಡಿದ ಮಳೆಗೆ ಮಣ್ಣಿನ ಮಾಳಿಗೆಗಳು ನೆನೆದು ಭಾರವಾಗಿ ಕುಸಿಯತೊಡಗಿದ್ದವು. ಅಕ್ಟೋಬರ್ 2ರ ಹೊತ್ತಿಗೆ ತುಂಗಭದ್ರೆ ಆಚೆ ದಂಡೆಯಲ್ಲಿ ಮಂತ್ರಾಲಯ ಮತ್ತು ಕರ್ನೂಲಿನೊಳಕ್ಕೆ ನುಗ್ಗಿದಾಗ, ಈಚೆ ದಂಡೆಯ ಊರುಗಳಲ್ಲಿ ಉಳಿದ ಗೋಡೆಗಳೂ ಕರಗಿದವು. ನೀರು ಇಳಿದ ಮೇಲೆ ಅಂಥ ಒಂದು ಊರಿನಲ್ಲಿ ಅವಶೇಷಗಳನ್ನು ಹೇಗೆ ಬೇರ್ಪಡಿಸಲಾಯಿತು, ಎಲ್ಲಿ ಹಾಕಲಾಯಿತು, ಯಾವ ನಿರ್ಧಾರದಿಂದ ನೊಣ ಹೆಚ್ಚಿತು, ಯಾವುದರಿಂದ ತಗ್ಗಿತು ಎಂಬುದೇ ಈ ಬರಹದ ವಿಷಯ. ಊರಿನ ಹೆಸರನ್ನು ಬಿಟ್ಟಿದ್ದೇನೆ. ಅದೇ ದಂಡೆಯ ಎರಡು ಮೂರು ಊರುಗಳ ಅನುಭವವನ್ನು ಇಲ್ಲಿ ಒಂದೇ ಊರಿನದಾಗಿ ಕೂಡಿಸಿದ್ದೇನೆ, ಮತ್ತು ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಗೆ ಮಾಡಿದ್ದೇನೆ.

ಊರಿನಲ್ಲಿ 300 ಮನೆಗಳಿದ್ದವು. ಅವುಗಳಲ್ಲಿ 120 ಪೂರ್ತಿ ಬಿದ್ದಿದ್ದವು, ಉಳಿದ 180 ಮನೆಗಳ ಒಳಗೆ ಎದೆಮಟ್ಟದವರೆಗೆ ನೀರು ನಿಂತು ಹೋಗಿತ್ತು. ಓಣಿಗಳಲ್ಲಿ ಮೊಣಕಾಲುದ್ದ ಕೆಸರಿತ್ತು. ನೀರು ಇಳಿದ ದಿನವೇ ಜನ ಒಳಗಿದ್ದುದನ್ನೆಲ್ಲ ಹೊರಗೆಳೆದು ಬಾಗಿಲ ಮುಂದೆ ಹಾಕಿದರು: ನೆನೆದ ಕೌದಿ, ಜೋಳದ ಚೀಲ, ಭತ್ತ, ಮೇವು, ಸತ್ತ ಕೋಳಿ, ಎಣ್ಣೆ ಡಬ್ಬಿ, ತಗಡು, ಪುಸ್ತಕ, ಮುರಿದ ಮಂಚ. ಪಂಚಾಯಿತಿಯ ಮೊದಲ ಸೂಚನೆ ಸರಳವಾಗಿತ್ತು. ಸಿಕ್ಕಿದ ಟ್ರ್ಯಾಕ್ಟರುಗಳಿಗೆ ಎಲ್ಲವನ್ನೂ ತುಂಬಿ, ಊರಾಚೆಯ ಗಾಯರಾಣಕ್ಕೆ, ಅಂದರೆ ದನ ಮೇಯುವ ಸರ್ಕಾರಿ ಜಮೀನಿಗೆ, ಸುರಿಯುವುದು. ಅದರಂತೆ ಮೊದಲ ಎರಡು ದಿನ ಅರವತ್ತಕ್ಕೂ ಹೆಚ್ಚು ಟ್ರಾಲಿ ಸರಕು ಹೋಯಿತು. ಮುಂದೆ ಎದುರಾದ ತೊಂದರೆಗಳಲ್ಲಿ ಬಹುಪಾಲು ಆ ಅರವತ್ತು ಟ್ರಾಲಿಗಳಿಂದಲೇ ಬಂದವು.

ಟ್ರಾಲಿಯ ಲೆಕ್ಕ, ನೊಣದ ಲೆಕ್ಕ

ಎಲ್ಲವನ್ನೂ ಸಾಗಿಸುತ್ತೇವೆ ಎನ್ನುವವರು ಮೊದಲು ಒಂದು ಮನೆಯನ್ನು ಅಳೆದು ನೋಡಬೇಕು. ಇಲ್ಲಿನ ಸಾಧಾರಣ ಕಲ್ಲುಮಣ್ಣಿನ ಮನೆ 26 ಅಡಿ ಉದ್ದ, 20 ಅಡಿ ಅಗಲ ಇರುತ್ತದೆ. ಸುತ್ತಲಿನ ಗೋಡೆ 92 ಅಡಿ, ನಡುಗೋಡೆ 20 ಅಡಿ, ಒಟ್ಟು 112 ಅಡಿ. ಗೋಡೆಯ ದಪ್ಪ ಒಂದೂವರೆ ಅಡಿ, ಎತ್ತರ ಒಂಬತ್ತು ಅಡಿ ಎಂದರೆ ಸುಮಾರು 1,500 ಘನ ಅಡಿ ಕಲ್ಲುಮಣ್ಣಾಯಿತು. ಮಾಳಿಗೆಯ ಮೇಲೆ ಒಂದು ಅಡಿ ಮಣ್ಣು ಹಾಕಿದ್ದರೆ ಇನ್ನೂ 520 ಘನ ಅಡಿ ಸೇರುತ್ತದೆ. ನೂರು ಘನ ಅಡಿಗೆ ಒಂದು ಬ್ರಾಸಿನಂತೆ ಒಟ್ಟು ಸುಮಾರು 20 ಬ್ರಾಸ್. ನಿಂತ ಗೋಡೆ ಬಿದ್ದ ಮೇಲೆ ಸಡಿಲವಾಗಿ ಕಾಲುಪಾಲು ಉಬ್ಬುವುದರಿಂದ 25 ಬ್ರಾಸ್ ಎನ್ನಬಹುದು. ಟ್ರ್ಯಾಕ್ಟರಿನ ಟ್ರಾಲಿಗೆ ಹಿಡಿಯುವುದು ಹೆಚ್ಚುಕಡಿಮೆ ಒಂದು ಬ್ರಾಸ್. ಆದ್ದರಿಂದ ಒಂದು ಮನೆಗೆ 25 ಟ್ರಾಲಿ, 120 ಮನೆಗಳಿಗೆ 3,000 ಟ್ರಾಲಿ. ಊರಿಗೆ ಸಿಕ್ಕಿದ್ದ ಟ್ರ್ಯಾಕ್ಟರು ನಾಲ್ಕು. ಎರೆಮಣ್ಣಿನ ದಾರಿಯಲ್ಲಿ ಒಂದೊಂದು ದಿನಕ್ಕೆ ಎಂಟು ಸಲ ಹೋಗಿ ಬಂದರೆ ಒಟ್ಟು 32 ಟ್ರಾಲಿ. ಎಲ್ಲವನ್ನೂ ಸಾಗಿಸಲು ಮೂರು ತಿಂಗಳಿಗೂ ಹೆಚ್ಚು ಬೇಕಾಗುತ್ತಿತ್ತು.

ನೊಣ ಮೂರು ತಿಂಗಳು ಕಾಯುವುದಿಲ್ಲ. ಮನೆನೊಣ ಇಟ್ಟ ತತ್ತಿ ಒಂದು ದಿನದೊಳಗೆ ಒಡೆಯುತ್ತದೆ. ಅಕ್ಟೋಬರಿನ ಬಿಸಿಲು ಮತ್ತು ತೇವದಲ್ಲಿ ಹುಳ ನಾಲ್ಕೈದು ದಿನಗಳಲ್ಲಿ ಬಲಿತು, ಕೊಳೆತ ರಾಶಿಯನ್ನು ಬಿಟ್ಟು ಹೊರಬಂದು, ಪಕ್ಕದ ಒಣಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಅಲ್ಲಿಂದ ಮತ್ತೆ ನಾಲ್ಕೈದು ದಿನಗಳಲ್ಲಿ ನೊಣವಾಗಿ ಹಾರುತ್ತದೆ. ಹುಳ ರಾಶಿಯೊಳಗೆ ಇರುವಷ್ಟು ದಿನ ರಾಶಿಯನ್ನು ಮುಚ್ಚಿದರೆ ಪೀಳಿಗೆಯೇ ನಿಲ್ಲುತ್ತದೆ. ಅದು ಹೊರಗೆ ಸರಿದ ಮೇಲೆ ರಾಶಿಯನ್ನು ಎಷ್ಟು ಚೆನ್ನಾಗಿ ಹೂಳಿದರೂ ಸುತ್ತಲಿನ ಮಣ್ಣಿನಿಂದ ನೊಣ ಏಳುತ್ತಲೇ ಇರುತ್ತದೆ. ಹಾಗಾಗಿ ಈ ಕೆಲಸದಲ್ಲಿ ಗಡುವು ಎಂದರೆ ಒಂದು ವಾರ, ಮತ್ತು ಆ ಗಡುವು ಅನ್ವಯಿಸುವುದು ಕೊಳೆಯುವ ವಸ್ತುವಿಗೆ ಮಾತ್ರ. ಕಲ್ಲು, ತೊಲೆ, ತಗಡುಗಳಿಗೆ ಯಾವ ಅವಸರವೂ ಇಲ್ಲ.

ಈ ಎರಡು ಲೆಕ್ಕಗಳನ್ನು ಎದುರುಬದುರು ಇಟ್ಟಾಗ ಬೇರ್ಪಡಿಸುವ ಕ್ರಮ ತಾನಾಗಿಯೇ ಹೊಳೆಯುತ್ತದೆ. ಕಚೇರಿಯ ನಮೂನೆಗಳಲ್ಲಿ ಅವಶೇಷಗಳನ್ನು ಏಳೆಂಟು ಬಗೆಯಾಗಿ ವಿಂಗಡಿಸಬೇಕೆಂದು ಬರೆದಿರುತ್ತದೆ. ಅದು ತಪ್ಪಲ್ಲ, ಆದರೆ ಮನೆ ಕಳೆದುಕೊಂಡವರ ಕೈಗೆ ಮೊದಲ ವಾರವೇ ಆ ಪಟ್ಟಿ ಕೊಟ್ಟರೆ ಯಾರೂ ಯಾವುದನ್ನೂ ವಿಂಗಡಿಸುವುದಿಲ್ಲ. ಮೂರನೆಯ ದಿನ ಡಂಗುರ ಹಾಕಿಸಿದಾಗ ಹೇಳಿಸಿದ್ದು ಎರಡೇ ಮಾತು: ಕೊಳೆಯುವುದು ಓಣಿಯ ಎಡಕ್ಕೆ, ಕೊಳೆಯದ್ದು ನಿಮ್ಮ ಜಾಗದಲ್ಲೇ ಇರಲಿ. ಕಲ್ಲನ್ನು ಹಳೆಯ ಪಾಯದ ಮೇಲೆಯೇ ಒಟ್ಟಲು, ಗೋಡೆಯ ಮಣ್ಣನ್ನು ಹಿತ್ತಲಿಗೆ ಎಳೆದುಕೊಳ್ಳಲು ತಿಳಿಸಲಾಯಿತು. ಹೇಗೂ ಆ ಮಣ್ಣು ಮುಂದೆ ಪಾಯ ಎತ್ತರಿಸಲು ಬೇಕಾಗುತ್ತದೆ. ಎಣ್ಣೆ ಡಬ್ಬಿ, ಅಂದರೆ ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳನ್ನು ಮಾತ್ರ ಯಾರೂ ಮುಟ್ಟದೆ, ಸುಣ್ಣದ ಗೆರೆ ಎಳೆದು ಬಿಡಬೇಕಿತ್ತು. ಅವನ್ನು ಎತ್ತಲು ಕೈಗವಸು ಹಾಕಿದ ಇಬ್ಬರು ಬೇರೆಯೇ ಬರುತ್ತಿದ್ದರು.

ಬಿದ್ದ ಮನೆಗೆ ಒಂದು ಟ್ರಾಲಿ, ನಿಂತ ಮನೆಗೆ ಅರ್ಧ ಟ್ರಾಲಿ ಎಂದು ಹಿಡಿದರೆ ಕೊಳೆಯುವ ಸರಕು ಒಟ್ಟು 210 ಟ್ರಾಲಿ ಆಯಿತು. ದಿನಕ್ಕೆ 32ರಂತೆ ಆರೂವರೆ ದಿನದ ಕೆಲಸ. ಮೂರು ಸಾವಿರ ಎಲ್ಲಿ, ಇನ್ನೂರ ಹತ್ತು ಎಲ್ಲಿ! ಆದರೆ ಮೊದಲ ಎರಡು ದಿನ ಕಳೆದುಹೋಗಿದ್ದವು. ಮಿಶ್ರವಾಗಿ ಹೋದ ಅರವತ್ತು ಟ್ರಾಲಿಗಳಲ್ಲಿ ಮೂರರಲ್ಲಿ ಎರಡು ಪಾಲು ಬರೀ ಕಲ್ಲುಮಣ್ಣು. ಟ್ರ್ಯಾಕ್ಟರುಗಳ ಹೊತ್ತು ಅಲ್ಲಿ ವ್ಯರ್ಥವಾಗಿತ್ತು.

ಪಂಚನಾಮೆಯ ತೊಡಕು

ಡಂಗುರ ಹಾಕಿಸಿದರೂ ಅರ್ಧ ಊರು ಕದಲಲಿಲ್ಲ. ಕಾರಣವನ್ನು ಕೆಳಗಿನ ಓಣಿಯ ಹಿರಿಯರೊಬ್ಬರು ನೇರವಾಗಿ ಹೇಳಿದರು: "ಪಂಚನಾಮಿ ಆಗೋತನ ಒಂದ್ ಕಲ್ ಸೈತ ಎತ್ತಂಗಿಲ್ರೀ ಸರ್. ನಾಳಿ ಇಲ್ಲಿ ಮನಿನೇ ಇದ್ದಿಲ್ಲ ಅಂದ್ರ ಯಾರ್ ಬರ್ತಾರ ಸಾಕ್ಷಿ ಹೇಳಾಕ?" ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮನೆ ಪೂರ್ತಿ ಬಿದ್ದಿದೆಯೋ ಭಾಗಶಃ ಬಿದ್ದಿದೆಯೋ ಎಂಬುದರ ಮೇಲೆ ಪರಿಹಾರ ನಿಲ್ಲುತ್ತದೆ, ಮತ್ತು ಬಿದ್ದ ರಾಶಿಯೇ ಅದಕ್ಕಿರುವ ದಾಖಲೆ. ಅವಶೇಷ ತೆರವು ತಡವಾಗುವುದಕ್ಕೆ ಯಂತ್ರದ ಕೊರತೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ನಾನು ಕಂಡಂತೆ ಕಂದಾಯದ ಕಾಗದವೇ ಹೆಚ್ಚಿನ ಕಾರಣ.

ಇದಕ್ಕೆ ಕಂಡುಕೊಂಡ ದಾರಿ ಹೀಗಿತ್ತು. ಪೂರ್ಣ ಪಂಚನಾಮೆಗೆ ಕಾಯದೆ, ಗ್ರಾಮಲೆಕ್ಕಿಗರು, ಪಂಚಾಯಿತಿ ಕಾರ್ಯದರ್ಶಿ ಮತ್ತು ಓಣಿಯ ಇಬ್ಬರು ಪಂಚರು ಕೂಡಿ ಒಂದೊಂದು ಮನೆಯ ಮುಂದೆ ನಿಂತು, ಮನೆಯ ಸಂಖ್ಯೆ ಬರೆದ ಹಲಗೆಯನ್ನು ಯಜಮಾನರ ಕೈಗೆ ಕೊಟ್ಟು, ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಸಿದರು. ನೆನೆದ ಧಾನ್ಯದ ಚೀಲಗಳನ್ನು ಎಣಿಸಿ ಅದೇ ಹಾಳೆಯಲ್ಲಿ ಬರೆದು, ಯಜಮಾನರ ಸಹಿ ಅಥವಾ ಹೆಬ್ಬೆಟ್ಟು ಪಡೆದು, ಒಂದು ಪ್ರತಿಯನ್ನು ಅವರಿಗೇ ಕೊಟ್ಟರು. ಆ ಹಾಳೆ ಕೈಗೆ ಬಂದ ಅರ್ಧ ಗಂಟೆಯಲ್ಲೇ ಜನ ಗುದ್ದಲಿ ಹಿಡಿದರು. ಕೊಳೆಯುವುದನ್ನು ಮಾತ್ರ ಒಯ್ಯುತ್ತೇವೆ, ಕಲ್ಲು ತೊಲೆಗಳು ನಿಮ್ಮ ಜಾಗದಲ್ಲೇ ಉಳಿಯುತ್ತವೆ ಎಂದದ್ದೂ ಇಲ್ಲಿ ನೆರವಾಯಿತು. ಸಾಗುವಾನಿಯ ತೊಲೆಯನ್ನು ಟ್ರಾಲಿಗೆ ಹಾಕುತ್ತಾರೆಂದರೆ ಯಾರು ತಾನೇ ಒಪ್ಪುತ್ತಾರೆ?

ಹಗೇವು

ಬಯಲುಸೀಮೆಯ ಈ ಭಾಗದ ನೆರೆಯಲ್ಲಿ ಬೇರೆಡೆಯ ಕೈಪಿಡಿಗಳು ಹೆಸರಿಸದ ಒಂದು ಅಪಾಯವಿದೆ. ಹಳೆಯ ಮನೆಗಳ ಅಂಗಳದಲ್ಲಿ, ಕೆಲವೆಡೆ ಓಣಿಯ ನಡುವೆಯೇ, ಜೋಳ ತುಂಬಿಡುವ ಹಗೇವುಗಳಿರುತ್ತವೆ. ಕಿರಿದಾದ ಬಾಯಿ, ಒಳಗೆ ಅಗಲವಾದ ಹೊಟ್ಟೆ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ನೀರು ಒಳಗಿಳಿದರೆ ಜೋಳ ಉಬ್ಬಿ, ಮೊಳೆತು, ಹುಳಿಯೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಅನಿಲ ಗಾಳಿಗಿಂತ ಭಾರವಾದ್ದರಿಂದ ಕೆಳಗೇ ನಿಲ್ಲುತ್ತದೆ. ಇಳಿದವನು ಬಾಗಿ ಮೊದಲ ಪುಟ್ಟಿ ತುಂಬುವಷ್ಟರಲ್ಲಿ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದ ಎರಡನೆಯವನಿಗೂ ಅದೇ ಗತಿಯಾಗುತ್ತದೆ.

ದೀಪ ಇಳಿಬಿಟ್ಟು ನೋಡುವ ಹಳೆಯ ರೂಢಿ ಎಲ್ಲರಿಗೂ ಗೊತ್ತು. ದೀಪ ಆರಿದರೆ ಇಳಿಯಬಾರದೆಂಬುದು ನಿಜ. ಆದರೆ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಇಳಿಯಬಹುದೆಂದಲ್ಲ. ಕುತ್ತಿಗೆಯ ಮಟ್ಟದಲ್ಲಿ ಉರಿದ ದೀಪ ತಳದ ಗಾಳಿಯ ಸ್ಥಿತಿಯನ್ನು ಹೇಳುವುದಿಲ್ಲ, ಮತ್ತು ಜ್ವಾಲೆ ಇನ್ನೂ ನಿಂತಿರುವ ಗಾಳಿಯಲ್ಲೂ ಮನುಷ್ಯನಿಗೆ ತಲೆ ಸುತ್ತಿ ಬರಬಹುದು. ಮೇಲಾಗಿ ರಾಶಿಯನ್ನು ಕೆದಕಿದ ಕೂಡಲೇ ಒಳಗೆ ಸಿಕ್ಕಿಕೊಂಡಿದ್ದ ಅನಿಲ ಮೇಲೇಳುತ್ತದೆ. ಆದ್ದರಿಂದ ಇಲ್ಲಿ ಒಂದೇ ನಿಯಮ ಮಾಡಲಾಯಿತು: ಹಗೇವಿನೊಳಗೆ ಯಾರೂ ಇಳಿಯುವಂತಿಲ್ಲ. ಬಾಯಿ ತೆರೆದು, ಸುತ್ತ ಮುಳ್ಳು ಹಾಕಿ, ನೀರನ್ನು ಪಂಪಿನಿಂದ ಎತ್ತಿ, ಕೈಗೆಟಕುವಷ್ಟು ಧಾನ್ಯವನ್ನು ಹಗ್ಗ ಕಟ್ಟಿದ ಬಕೆಟ್ಟಿನಿಂದ ಮೇಲಿನಿಂದಲೇ ತೆಗೆಯಬೇಕು. ಉಳಿದದ್ದರ ಮೇಲೆ ಸುಣ್ಣ ಹಾಕಿ, ಗರಸು, ಅಂದರೆ ಹರಳು ಬೆರೆತ ಮಣ್ಣು ತುಂಬಿ ಶಾಶ್ವತವಾಗಿ ಮುಚ್ಚಬೇಕು. ಮುಚ್ಚಿದ ಹಗೇವಿನ ಧಾನ್ಯವೂ ನಷ್ಟದ ಹಾಳೆಯಲ್ಲಿ ಸೇರುತ್ತದೆ ಎಂದು ಬರೆದುಕೊಟ್ಟ ಮೇಲೆಯೇ ಯಜಮಾನರು ಒಪ್ಪಿದ್ದು.

ಮೇಲೆ ತೆಗೆದ ಜೋಳದ್ದು ಇನ್ನೊಂದು ಸಮಸ್ಯೆ. ತೊಳೆದು ಒಣಗಿಸಿದರೆ ರೊಟ್ಟಿಗೆ ಬರುತ್ತದೆ ಎಂಬ ಆಸೆ ಸಹಜ, ಏಕೆಂದರೆ ಅದು ಬಿಟ್ಟರೆ ಮನೆಯಲ್ಲಿ ಬೇರೆ ಧಾನ್ಯವಿಲ್ಲ. ಆದರೆ 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಜೋಳ ಮತ್ತು ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು, ಭೇದಿ ಕಾಣಿಸಿಕೊಂಡಿದ್ದವು. ಬೂಷ್ಟಿನಿಂದ ಹುಟ್ಟುವ ಫ್ಯುಮೋನಿಸಿನ್ ಎಂಬ ವಿಷ ಅದಕ್ಕೆ ಕಾರಣವೆಂದು ಪತ್ತೆಯಾಗಿತ್ತು. ಇಂಥ ವಿಷ ತೊಳೆದರೆ ಹೋಗುವುದಿಲ್ಲ, ಹಂಚಿನ ಮೇಲೆ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ. ನೆರೆಯ ನಂತರ ಊರಲ್ಲಿ ಭೇದಿ ಕಂಡಾಗ ನೀರನ್ನೇ ದೂರಿ ಕುಳಿತರೆ ಈ ಕಾರಣ ಕಣ್ಣಿಗೆ ಬೀಳುವುದಿಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದಾಗ ಯಾವ ನೀರು ಕುಡಿದಿರಿ ಎಂಬುದರ ಜೊತೆಗೆ ಯಾವ ಜೋಳದ ರೊಟ್ಟಿ ತಿಂದಿರಿ ಎಂದೂ ಕೇಳುವಂತೆ ಹೇಳಿದ್ದು ಅದಕ್ಕಾಗಿಯೇ. ನಾಲ್ಕನೆಯ ದಿನವೇ ನೆನೆದ ಜೋಳವನ್ನು ಅಗ್ಗಕ್ಕೆ ಕೊಳ್ಳಲು ಹೊರಗಿನ ವ್ಯಾಪಾರಿಗಳು ಬಂದರು. ಅದು ಕೋಳಿ ಆಹಾರಕ್ಕೆ ಹೋಗುತ್ತದೋ, ಒಣಗಿ ಮತ್ತೆ ಸಂತೆಗೆ ಬರುತ್ತದೋ ಯಾರಿಗೆ ಗೊತ್ತು? ಪಂಚಾಯಿತಿ ಅವರನ್ನು ಊರೊಳಗೆ ಬಿಡಲಿಲ್ಲ.

ಜಾಗದ ಆಯ್ಕೆ

ಗಾಯರಾಣ ಎಂಬುದೊಂದೇ ಕಾರಣಕ್ಕೆ ಆರಿಸಿದ ಮೊದಲ ಜಾಗದಲ್ಲಿ ಎರಡು ದೋಷಗಳಿದ್ದವು. ಮೊದಲನೆಯದು, ಸಂತ್ರಸ್ತರ ತಗಡಿನ ಶೆಡ್ಡುಗಳಿಗೂ ಕಂದಾಯ ಇಲಾಖೆ ಅದೇ ಗಾಯರಾಣವನ್ನು ಗುರುತಿಸಿತ್ತು. ಸರ್ಕಾರಿ ಜಮೀನು ಊರಿಗೆ ಒಂದೇ ಇದ್ದಾಗ ಇದು ಎಲ್ಲ ಕಡೆಯೂ ಆಗುವಂಥದು. ಎರಡನೆಯದು, ರಾಶಿ ಬಿದ್ದದ್ದು ಇಳಿಜಾರಿನ ಕೆಳತುದಿಯಲ್ಲಿ, ಹಳ್ಳದ ಪಕ್ಕಕ್ಕೆ. ಆ ಹಳ್ಳ ಮುಂದೆ ಕುಡಿಯುವ ನೀರಿನ ಬಾವಿಯ ಹತ್ತಿರ ಹಾದುಹೋಗುತ್ತಿತ್ತು.

ಹೊಸ ಜಾಗ ಆರಿಸುವಾಗ ಬಳಸಿದ ಪರೀಕ್ಷೆ ತೀರ ಸರಳವಾದದ್ದು. ಗಾಯರಾಣದ ಕೆಳಗೆ, ನಡುವೆ, ಮೇಲೆ ಮೂರು ಕಡೆ ಜೆಸಿಬಿಯಿಂದ ಹತ್ತು ಅಡಿ ಆಳದ ಗುಂಡಿ ತೆಗೆಸಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ನೋಡಲಾಯಿತು. ಕೆಳಗಿನ ಗುಂಡಿಯಲ್ಲಿ ಐದಡಿಯಿಂದ ಕೆಳಗೆ ನೀರು ತುಂಬಿತ್ತು. ನಡುವಿನದರಲ್ಲಿ ತಳ ಒದ್ದೆಯಾಗಿತ್ತು. ಮೇಲಿನದು, ಎರಡು ಅಡಿ ಎರೆಯ ಕೆಳಗೆ ಗರಸು ಹತ್ತಿದ್ದರಿಂದ, ಒಣಗಿಯೇ ಇತ್ತು. ನೆರೆಯ ನಂತರದ ದಿನಗಳಲ್ಲಿ ಅಂತರ್ಜಲ ಮೇಲೆದ್ದಿರುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಒಣಗಿದ್ದ ಜಾಗ ಎಂಬ ಊರವರ ನೆನಪನ್ನು ನಂಬಿ ಗುಂಡಿ ತೋಡಬಾರದು. ಗುಂಡಿಯ ತಳಕ್ಕೂ ನೀರಿನ ಮಟ್ಟಕ್ಕೂ ನಡುವೆ ಕನಿಷ್ಠ ಐದಾರು ಅಡಿ ಒಣಮಣ್ಣು ಇರಬೇಕು. ಮೇಲಿನ ಗುಂಡಿಯನ್ನು ಇನ್ನೂ ಆರಡಿ ಆಳಕ್ಕೆ ತೋಡಿಸಿ ನೀರು ಬರದಿದ್ದುದನ್ನು ಕಂಡ ಮೇಲೆ ಆ ತುದಿಯನ್ನು ಖಾಯಂ ಮಾಡಲಾಯಿತು. ಶೆಡ್ಡುಗಳಿಗೆ ಅರ್ಧ ಕಿಲೋಮೀಟರಿನಷ್ಟು ದೂರ ಉಳಿಸಿ, ಅವನ್ನು ರಸ್ತೆಯ ಇನ್ನೊಂದು ಮಗ್ಗುಲಿಗೆ ಸರಿಸಲು ತಹಶೀಲ್ದಾರರು ಒಪ್ಪಿದರು.

ಗಾಳಿಯ ದಿಕ್ಕು ನೋಡಿ ಜಾಗ ಆರಿಸಬೇಕೆಂದು ಕೆಲವರು ಪಟ್ಟು ಹಿಡಿದಿದ್ದರು. ಅಕ್ಟೋಬರಿನಲ್ಲಿ ಇಲ್ಲಿ ಪಶ್ಚಿಮದ ಗಾಳಿ ತಗ್ಗಿ ಮೂಡಣ ಗಾಳಿ ಏಳುತ್ತದೆ. ಇಂದಿನ ದಿಕ್ಕು ಮುಂದಿನ ವಾರ ಇರುವುದಿಲ್ಲ. ಅಲ್ಲದೆ ವಾಸನೆಯಿಂದ ರೋಗ ಹರಡುವುದಿಲ್ಲ. ರೋಗ ಬರುವುದು ನೀರು, ನೊಣ, ಇಲಿ ಮತ್ತು ಸೊಳ್ಳೆಯಿಂದ. ಹೀಗಾಗಿ ಇಳಿಜಾರು ಮತ್ತು ಅಂತರ್ಜಲಕ್ಕೆ ಮೊದಲ ಸ್ಥಾನ ಕೊಟ್ಟು, ಗಾಳಿಗೆ ಕೊನೆಯದು ಕೊಡಲಾಯಿತು.

ಸತ್ತ ದನಗಳ ಗುಂಡಿಯನ್ನು ಪ್ರತ್ಯೇಕವಾಗಿ ತೆಗೆಯಲಾಯಿತು. ಮುಳುಗಿ ಸತ್ತ ದನದ ಹೊಟ್ಟೆಯಲ್ಲಿ ಅನಿಲ ತುಂಬಿ, ಹೂತ ಮೇಲೂ ಮಣ್ಣನ್ನು ಎತ್ತಿ ಮೇಲೆ ಬರುವುದುಂಟು. ಹಾಗಾಗಿ ಹೂಳುವ ಮೊದಲು ಹೊಟ್ಟೆಯನ್ನು ಸೀಳಿ, ಮೇಲೆ ಕನಿಷ್ಠ ನಾಲ್ಕಡಿ ಮಣ್ಣು ಬರುವಂತೆ ಹಾಕಬೇಕು. ಇದಕ್ಕೊಂದು ಅಪವಾದವಿದೆ. ಮೂಗು, ಬಾಯಿ ಅಥವಾ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಆಗಿರಬಹುದು. ಅಂಥ ಶವವನ್ನು ಸೀಳಿದರೆ ರೋಗಾಣು ಗಾಳಿಗೆ ತೆರೆದುಕೊಂಡು ಬೀಜಕಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಪಶುವೈದ್ಯರು ನೋಡುವವರೆಗೆ ಅದನ್ನು ಮುಟ್ಟುವಂತಿಲ್ಲ. ಈ ಊರಿನಲ್ಲಿ ಅಂಥದ್ದು ಕಾಣಲಿಲ್ಲ, ಆದರೂ ಪ್ರತಿ ಶವವನ್ನೂ ಸೀಳುವ ಮೊದಲು ನೋಡಿಯೇ ಸೀಳಲಾಯಿತು.

ಮುಚ್ಚುವ ಮಣ್ಣು

ಕೊಳೆಯುವ ಸರಕಿಗೆ ಹತ್ತಡಿ ಅಗಲ, ಏಳಡಿ ಆಳದ ಉದ್ದ ಕಂದಕ ತೋಡಿ, ದಿನದ ಸರಕನ್ನು ಅದರ ಒಂದು ತುದಿಯಿಂದ ತುಂಬುತ್ತಾ, ಸಂಜೆ ಕೆಲಸ ನಿಲ್ಲಿಸುವ ಮೊದಲು ಅರ್ಧ ಅಡಿ ಮಣ್ಣು ಹಾಕಿ ಜೆಸಿಬಿಯ ಬಕೆಟ್ಟಿನಿಂದ ಒತ್ತಲಾಗುತ್ತಿತ್ತು. ಇಷ್ಟು ಮಾಡಿದರೆ ನೊಣ ನಿಲ್ಲಬೇಕಿತ್ತು. ಹಾಗೆ ನಿಲ್ಲಲಿಲ್ಲ. ಮುಚ್ಚಿದ ಐದನೆಯ ದಿನ ಮೊದಲ ಕಂದಕದ ಮೇಲೆ ಮತ್ತೆ ನೊಣ ಮುತ್ತಿತು.

ಕಾರಣ ಮಣ್ಣಿನಲ್ಲಿತ್ತು. ತೋಡಿದಾಗ ಮೇಲೆ ಸಿಕ್ಕಿದ್ದು ಎರೆಮಣ್ಣು, ಅದನ್ನೇ ಮತ್ತೆ ಮೇಲೆ ಹೊದಿಸಿದ್ದರು. ಮಳೆ ನಿಂತು ಬಿಸಿಲು ಬಿದ್ದ ಮೂರೇ ದಿನಕ್ಕೆ ಅದು ಬೆರಳು ತೂರುವಷ್ಟು ಬಿರಿದಿತ್ತು. ಬಿರುಕಿನ ಅಂಚಿನ ಹೆಂಟೆಯನ್ನು ಸಲಿಕೆಯಿಂದ ಎತ್ತಿದಾಗ ಕೆಳಗೆ ಕಂದುಬಣ್ಣದ, ಅಕ್ಕಿಕಾಳಿನ ಗಾತ್ರದ ಕೋಶಗಳು ಸಾಲಾಗಿ ಸಿಕ್ಕವು. ನೊಣಕ್ಕೆ ಆ ಬಿರುಕೇ ದಾರಿಯಾಗಿತ್ತು. ಆಮೇಲೆ ಕಂದಕದ ಅಡಿಯಿಂದ ಬಂದ ಗರಸನ್ನು ಬೇರೆ ರಾಶಿ ಹಾಕಿಸಿ, ಹೊದಿಕೆಗೆ ಅದನ್ನೇ ಬಳಸಿ, ನೀರು ಚಿಮುಕಿಸಿ ಒತ್ತಲಾಯಿತು. ಕಂದಕ ತುಂಬಿದ ಮೇಲೆ ಎರಡು ಅಡಿ ಗರಸು, ನಡುವೆ ಸ್ವಲ್ಪ ಉಬ್ಬು ಬಿಟ್ಟು. ಎರೆ ಭೂಮಿಯಲ್ಲಿ ಕೆಲಸ ಮಾಡುವವರು ಹೊದಿಕೆಯ ದಪ್ಪಕ್ಕಿಂತ ಯಾವ ಮಣ್ಣು ಎಂಬುದನ್ನೇ ಮೊದಲು ನೋಡಬೇಕು.

ಫಲ ಬಂತೋ ಇಲ್ಲವೋ ಎಂದು ತಿಳಿಯಲು ಸ್ಕಡರ್ ಜಾಲರಿ ಎಂಬ ಸಾಧನವನ್ನು ಊರಿನ ಬಡಿಗನಿಂದಲೇ ಮಾಡಿಸಲಾಯಿತು. ಅದು ಎರಡೂವರೆ ಅಡಿ ಚೌಕದ ಚೌಕಟ್ಟಿಗೆ ತೆಳು ಪಟ್ಟಿಗಳನ್ನು ಸಂದು ಬಿಟ್ಟು ಹೊಡೆದ ಹಲಗೆ. ನೊಣ ಹೆಚ್ಚಿರುವ ಕಡೆ ಅದನ್ನಿಟ್ಟು ಅರ್ಧ ನಿಮಿಷದಲ್ಲಿ ಎಷ್ಟು ನೊಣ ಕೂರುತ್ತವೆಂದು ಎಣಿಸಬೇಕು. ಹತ್ತು ಸಲ ಎಣಿಸಿ, ಹೆಚ್ಚಿನ ಐದು ಎಣಿಕೆಗಳ ಸರಾಸರಿ ತೆಗೆಯಬೇಕು. ಒಂದು ದಿನದ ಸಂಖ್ಯೆಗೆ ಅಷ್ಟೇನೂ ಅರ್ಥವಿಲ್ಲ. ಅದೇ ಜಾಗ, ಅದೇ ಹೊತ್ತು, ದಿನದಿಂದ ದಿನಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಮುಖ್ಯ. ಗರಸು ಹೊದಿಸಿದ ಕಂದಕಗಳ ಮೇಲೆ ಎಣಿಕೆ ವಾರದೊಳಗೆ ಇಳಿಯಿತು. ಹಳ್ಳದ ಪಕ್ಕದ ಹಳೆಯ ಮಿಶ್ರ ರಾಶಿಯಲ್ಲಿ ಇಳಿಯಲೇ ಇಲ್ಲ, ಏಕೆಂದರೆ ಕಲ್ಲು ತಗಡುಗಳ ಸಂದಿನಲ್ಲಿ ಕೊಳೆಯುತ್ತಿದ್ದ ಧಾನ್ಯವನ್ನು ಮಣ್ಣು ಹಾಕಿ ಮುಚ್ಚಲು ಸಾಧ್ಯವೇ ಇರಲಿಲ್ಲ. ಹಾಕಿದ ಮಣ್ಣು ಸಂದುಗಳಲ್ಲಿ ಸೋರಿಹೋಗುತ್ತಿತ್ತು.

ಬ್ಲೀಚಿಂಗ್ ಪುಡಿ ಎಲ್ಲಿಗೆ

ಜಿಲ್ಲೆಯಿಂದ ಬಂದ ಬ್ಲೀಚಿಂಗ್ ಪುಡಿಯ ಚೀಲಗಳು ಮೊದಲು ಖರ್ಚಾದದ್ದು ರಾಶಿಗಳ ಮೇಲೆ, ಓಣಿಗಳ ಅಂಚಿನಲ್ಲಿ. ಬಿಳಿ ಗೆರೆ ಕಂಡರೆ ಕೆಲಸ ನಡೆದಿದೆ ಎಂದು ಬಂದ ಅಧಿಕಾರಿಗಳಿಗೂ ಸಮಾಧಾನ, ಜನರಿಗೂ ಸಮಾಧಾನ. ಕೊಳೆಯುವ ವಸ್ತುವಿನ ಮೇಲೆ ಬಿದ್ದ ಕ್ಲೋರಿನ್ ನಿಮಿಷಗಳಲ್ಲಿ ಆ ಕೊಳೆಯಲ್ಲೇ ತೀರಿಹೋಗುತ್ತದೆ. ನೊಣದ ಹುಳಕ್ಕೂ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಅದೇ ಪುಡಿ ಬಾವಿಗೆ ಬೇಕಿತ್ತು.

ಹದಿಮೂರು ಅಡಿ ವ್ಯಾಸದ ಬಾವಿಯಲ್ಲಿ ಹದಿನಾರು ಅಡಿ ನೀರಿದ್ದರೆ ಅದು ಸುಮಾರು 60,000 ಲೀಟರ್. ತಿಳಿನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ ಎಂಬ ಲೆಕ್ಕದಲ್ಲಿ 150 ಗ್ರಾಂ ಸಾಕು. ಆದರೆ ನೆರೆಯ ಕೆಸರು ಸೇರಿದ ಬಾವಿಗೆ ಆ ಲೆಕ್ಕ ನಿಲ್ಲುವುದಿಲ್ಲ. ಮೊದಲು ನೀರನ್ನು ಪೂರ್ತಿ ಎತ್ತಿ ಕೆಸರು ತೆಗೆದು, ಹೊಸ ನೀರು ಬಂದ ಮೇಲೆ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಬಾವಿಗೆ ಇಳಿಸಿ ಕಲಕಬೇಕು. ಒಂದು ಗಂಟೆಯ ನಂತರ ಕ್ಲೋರೋಸ್ಕೋಪಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿಕೆ ಕಾಣದಿದ್ದರೆ ಮತ್ತೆ ಹಾಕಬೇಕು. ಪುಡಿಯ ಚೀಲ ಒದ್ದೆಯಾಗಿದ್ದರೆ ಅಥವಾ ತಿಂಗಳುಗಟ್ಟಲೆ ತೆರೆದಿದ್ದರೆ ಅದರಲ್ಲಿ ಕ್ಲೋರಿನ್ ಉಳಿದಿರುವುದೇ ಕಡಿಮೆ, ಮೂಗಿಗೆ ಘಾಟು ಹೊಡೆಯದ ಪುಡಿಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಇಲಿ, ಸೊಳ್ಳೆ, ಬೆಂಕಿ

ರಾಶಿಯ ಕೆಲಸದವರಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ, ವೈದ್ಯಾಧಿಕಾರಿಗಳ ಸಲಹೆಯಂತೆ ಇಲಿಜ್ವರ ತಡೆಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಕೊಡಲಾಯಿತು. ಗಂಬೂಟು ಬಂದಿದ್ದವು, ಆದರೆ ಕೆಸರಿನಲ್ಲಿ ಕಚ್ಚಿಕೊಳ್ಳುತ್ತವೆಂದು ಹಲವರು ಬರಿಗಾಲಲ್ಲೇ ಇಳಿಯುತ್ತಿದ್ದರು. ಇಲಿಜ್ವರ ಬರುವುದು ಹೆಚ್ಚಾಗಿ ಗಾಯದ ಮೂಲಕ, ಅದೂ ಸಾಮಾನ್ಯವಾಗಿ ಒಂದೆರಡು ವಾರ ತಡವಾಗಿ. ಆದ್ದರಿಂದ ಮೀನಖಂಡದ ನೋವಿನೊಂದಿಗೆ ಜ್ವರ ಬಂದವರನ್ನು, ಕೆಲಸ ಮುಗಿದ ಮೇಲೂ ಒಂದು ತಿಂಗಳವರೆಗೆ, ಮಲೇರಿಯಾ ಎಂದಷ್ಟೇ ನೋಡಿ ಕಳಿಸದಂತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಲಾಯಿತು.

ಸೊಳ್ಳೆಯ ವಿಷಯದಲ್ಲಿ 2006ರ ಚಿಕೂನ್‌ಗುನ್ಯದ ನೆನಪು ಊರಿಗೆ ಇನ್ನೂ ಹಸಿಯಾಗಿತ್ತು, ಹೇಳಿದ ಕೂಡಲೇ ಜನ ಕೇಳಿದರು. ಮಡಕೆ, ಟಯರು, ತಗಡುಗಳನ್ನು ಬೋರಲು ಹಾಕುವುದು ಕಷ್ಟದ ಕೆಲಸವಲ್ಲ.

ನೆನೆದ ಮೇವಿನದು ಬೇರೆ ಬಗೆಯ ತೊಂದರೆ. ಎತ್ತರದ ರಾಶಿಯಾಗಿ ಒತ್ತಿ ಹಾಕಿದ ಹಸಿ ಸೊಪ್ಪೆ ಒಳಗೇ ಕಾದು, ಕೆಲವು ವಾರಗಳಲ್ಲಿ ತಾನೇ ಹೊತ್ತಿಕೊಳ್ಳಬಹುದು. ಆದ್ದರಿಂದ ಮೇವನ್ನು ಕಂದಕಕ್ಕೆ ಹಾಕದೆ, ಐದಡಿಗಿಂತ ಎತ್ತರವಾಗದ ಉದ್ದ ಸಾಲುಗಳಾಗಿ ಹರಡಿ, ನಡುವೆ ಟ್ರ್ಯಾಕ್ಟರು ಹಾಯುವಷ್ಟು ದಾರಿ ಬಿಡಲಾಯಿತು. ಪ್ರತಿ ಸಾಲಿಗೂ ಒಂದು ಕಬ್ಬಿಣದ ಸರಳನ್ನು ಚುಚ್ಚಿಡಲಾಗಿತ್ತು. ಬೆಳಿಗ್ಗೆ ಅದನ್ನು ಎಳೆದು ಹಿಡಿದಾಗ ಕೈ ಸುಡುವಂತಿದ್ದರೆ ಆ ಸಾಲನ್ನು ಅಂದೇ ತಿರುವಬೇಕು. ಹೀಗೆ ಕಾದ ಸಾಲಿನೊಳಗೆ ನೊಣದ ಹುಳವೂ ಬದುಕುವುದಿಲ್ಲ, ತಿರುವಿದಾಗ ಅಂಚಿನ ಹುಳ ಒಳಗೆ ಸೇರಿ ಸಾಯುತ್ತದೆ. ಆ ಮೇವು ಬೇಸಿಗೆಯ ಹೊತ್ತಿಗೆ ಗೊಬ್ಬರವಾಗಿ ಹೊಲಗಳಿಗೆ ಹೋಯಿತು.

ಮಿಶ್ರ ರಾಶಿಯನ್ನು ಬಿಡಿಸಿದ್ದು ಡಿಸೆಂಬರಿನಲ್ಲಿ. ಅಷ್ಟರಲ್ಲಿ ಒಳಗಿನ ಧಾನ್ಯ ಮಣ್ಣಾಗಿತ್ತು, ಹಾವು ಚೇಳುಗಳು ಸೇರಿಕೊಂಡಿದ್ದವು, ಮತ್ತು ಕಲ್ಲು ಯಾರದು, ತೊಲೆ ಯಾರದು ಎಂಬ ಜಗಳ ಉಳಿದಿತ್ತು. ಜೆಸಿಬಿಯಿಂದ ತೆಳುವಾಗಿ ಹರಡಿ, ಕೈಯಿಂದ ಆರಿಸಬೇಕಾಯಿತು. ಮೊದಲ ವಾರ ಬಾಗಿಲಲ್ಲೇ ಬೇರ್ಪಡಿಸಿದ ಒಂದು ಟ್ರಾಲಿಗೆ ತಗುಲಿದ್ದಕ್ಕಿಂತ ಹಲವು ಪಟ್ಟು ಕೂಲಿ ಇಲ್ಲಿ ಒಂದು ಟ್ರಾಲಿಗೆ ತಗುಲಿತು. ಅದರೊಳಗೆ ಒಡೆದ ಔಷಧದ ಡಬ್ಬಿಗಳು ಸಿಕ್ಕಿದ್ದರಿಂದ ಆ ಭಾಗದ ಮಣ್ಣನ್ನೂ ಕೆರೆದು, ಮೊದಲೇ ಸಂಗ್ರಹಿಸಿದ್ದ ಡಬ್ಬಿಗಳ ಜೊತೆ ತಾಡಪತ್ರಿಯ ಕೆಳಗೆ, ಎತ್ತರಿಸಿದ ಕಟ್ಟೆಯ ಮೇಲೆ ಇಡಬೇಕಾಯಿತು. ಅಂಥ ತ್ಯಾಜ್ಯವನ್ನು ಹಳ್ಳಿಯಲ್ಲಿ ಹೂಳುವಂತಿಲ್ಲ, ಸುಡುವಂತಿಲ್ಲ, ಅಧಿಕೃತ ಘಟಕದ ವಾಹನಕ್ಕೆ ಕಾಯುವುದೊಂದೇ ದಾರಿ.

ಆಸರೆ ಯೋಜನೆಯಲ್ಲಿ ನೆರೆಪೀಡಿತ ಊರುಗಳಿಗೆ ಹೊಸ ಬಡಾವಣೆ ಮಾಡುವ ಮಾತು ಬಂದಾಗ, ಗಾಯರಾಣದ ಮೇಲ್ತುದಿಯ ಹತ್ತಿರವೇ ಕೊಳವೆಬಾವಿಗೆ ಗುರುತು ಹಾಕಿದ್ದರು. ಕಂದಕಗಳ ಮತ್ತು ದನದ ಗುಂಡಿಯ ಅಳತೆಯನ್ನು ಸರ್ವೆ ಕಲ್ಲಿನಿಂದ ಅಡಿಗಳಲ್ಲಿ ಬರೆದ ನಕ್ಷೆಯೊಂದು ಪಂಚಾಯಿತಿಯ ಕಡತದಲ್ಲಿತ್ತು. ಅದನ್ನು ಹಿಡಿದು ಅಳೆದಾಗ ಗುರುತು ಹಾಕಿದ ಜಾಗ ದನದ ಗುಂಡಿಗೆ ನೂರಡಿಯೂ ದೂರವಿರಲಿಲ್ಲ, ಅದೂ ಇಳಿಜಾರಿನ ಕೆಳಗೆ. ಕೊಳವೆಬಾವಿಯನ್ನು ಇಳಿಜಾರಿನ ಮೇಲ್ಭಾಗಕ್ಕೆ ಸರಿಸಿ ಕೊರೆಯಲಾಯಿತು.